ರೈಸ್ ಮಿಲ್ಲಿನ ವಿಮೆ: ಒಂದು ಬಿಲ್ಲು, 365 ದಿನ

ಮೆಟ್ರಿ, ದೇವಸಮುದ್ರ, ಕಂಪ್ಲಿ ಕಡೆಯ ರೈಸ್ ಮಿಲ್ಲುಗಳಿಗೆ ವರ್ಷಕ್ಕೊಮ್ಮೆ ವಿಮಾ ಕಂಪನಿಯಿಂದ ಒಂದು ಬಿಲ್ಲು ಬರುತ್ತದೆ. ಕಟ್ಟಡ, ಯಂತ್ರ, ಗೋದಾಮಿನ ಭತ್ತ, ಅಕ್ಕಿ, ಎಲ್ಲಕ್ಕೂ ಸೇರಿದ ಪ್ರೀಮಿಯಂ. ಯಜಮಾನರು ಚೆಕ್ ಬರೆದುಕೊಡುತ್ತಾರೆ, ಗುಮಾಸ್ತರು ಆವತ್ತಿನ ತಾರೀಕಿಗೆ ‘ವಿಮಾ ಖರ್ಚು’ ಎಂದು ಪೂರ್ತಿ ಮೊತ್ತವನ್ನು ಬರೆದು ಪುಟ ಮಗುಚುತ್ತಾರೆ. ಇವತ್ತಿನ ನನ್ನ ಮಾತು ಆ ಒಂದು ಸಾಲಿನ ಬಗ್ಗೆ. ಅದನ್ನು ಒಂದೇ ದಿನದ ಖರ್ಚಾಗಿ ಬರೆಯಬಾರದು, ವಿಮೆಯ ರಕ್ಷಣೆ ಇರುವ ಅಷ್ಟೂ ದಿನಗಳಿಗೆ ಹಂಚಬೇಕು. ಹೇಗೆ ಹಂಚಬೇಕು, ಹಂಚಿದ್ದು ಸರಿಯಾಗಿದೆಯೇ ಎಂದು ಹೇಗೆ ತಿಳಿಯಬೇಕು, ಹಂಚದಿದ್ದರೆ ಯಾರ ಕೈಯಿಂದ ಎಷ್ಟು ಹೋಗುತ್ತದೆ ಎಂಬುದನ್ನು ಒಂದು ಮಿಲ್ಲಿನ ಲೆಕ್ಕ ಇಟ್ಟುಕೊಂಡೇ ಹೇಳುತ್ತೇನೆ.

ಈ ಮಾತು ತೆಗೆದಾಗಲೆಲ್ಲ ಮಿಲ್ಲಿನವರು ಕೇಳುವ ಪ್ರಶ್ನೆ ಒಂದೇ. “ರೊಕ್ಕ ಜುಲೈನಾಗ ಕೊಟ್ಟೀನಿ, ಖರ್ಚು ಮಾರ್ಚ್‌ನಾಗ ಯಾಕ್ ಬರೀತೀರಿ?” ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಅವರ ಗೋದಾಮಿನಲ್ಲೇ ಇದೆ. ಡಿಸೆಂಬರ್‌ನಲ್ಲಿ ಭತ್ತ ಕೊಂಡು ರೊಕ್ಕ ಕೊಟ್ಟಿರುತ್ತಾರೆ. ಮಾರ್ಚ್ 31ಕ್ಕೆ ಅದರಲ್ಲಿ ಒಂದಿಷ್ಟು ಚೀಲ ಅರೆಯದೆ ಉಳಿದರೆ ಅದನ್ನು ಖರ್ಚು ಎಂದು ಯಾರೂ ಬರೆಯುವುದಿಲ್ಲ. ದಾಸ್ತಾನು ಎಂದು ಆಸ್ತಿಯ ಕಡೆ ತೋರಿಸುತ್ತಾರೆ. ವಿಮೆಯಲ್ಲಿ ಕೊಂಡದ್ದು ಭತ್ತವಲ್ಲ, ದಿನಗಳು. ಮಾರ್ಚ್ 31ಕ್ಕೆ ಇನ್ನೂ ನೂರು ದಿನದ ರಕ್ಷಣೆ ಬಾಕಿ ಇದ್ದರೆ ಅದೂ ದಾಸ್ತಾನೇ. ಕಣ್ಣಿಗೆ ಕಾಣುವ ಚೀಲವಿಲ್ಲ, ಅಷ್ಟೇ ವ್ಯತ್ಯಾಸ.

ವಿಮೆಯಲ್ಲಿ ರೊಕ್ಕ ಮೊದಲು, ರಕ್ಷಣೆ ಆಮೇಲೆ ಎಂಬುದು ವಿಮಾ ಕಂಪನಿಯವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಪದ್ಧತಿಯಲ್ಲ. 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಕೈಸೇರದೆ ಕಂಪನಿ ಅಪಾಯದ ಹೊಣೆ ಹೊರುವಂತಿಲ್ಲ. ಕರೆಂಟ್ ಬಿಲ್ಲನ್ನು ಉರಿಸಿದ ಮೇಲೆ ಕಟ್ಟುತ್ತೇವೆ, ಹಮಾಲರ ಕೂಲಿಯನ್ನು ಚೀಲ ಇಳಿಸಿದ ಮೇಲೆ ಕೊಡುತ್ತೇವೆ. ವಿಮೆಗೆ ಮಾತ್ರ ಆ ದಾರಿಯಿಲ್ಲ. ಹಾಗಾಗಿ ವಾರ್ಷಿಕ ಪಾಲಿಸಿ ಇರುವ ಪ್ರತಿಯೊಂದು ಲೆಕ್ಕದಲ್ಲೂ ಮುಂಗಡ ಖರ್ಚಿನ ಪ್ರಶ್ನೆ ಬಂದೇ ಬರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಇಬ್ಬರು ಅಣ್ಣತಮ್ಮಂದಿರು ಸಮಪಾಲಿನಲ್ಲಿ ನಡೆಸುವ ಒಂದು ಮಿಲ್ಲು ಎಂದಿಟ್ಟುಕೊಳ್ಳಿ. ಮಿಲ್ಲು ನಾನು ಊಹಿಸಿಕೊಂಡದ್ದು. ಅಂಕಿಗಳನ್ನೂ ಬಾಯಿಲೆಕ್ಕಕ್ಕೆ ಸಿಗುವಂತೆ ನಾನೇ ಇಟ್ಟಿದ್ದೇನೆ. ಆಸ್ತಿಯ ಬೆಲೆ ಐದು ಕೋಟಿಯೊಳಗೆ ಇರುವುದರಿಂದ ಅವರು ಕೊಂಡದ್ದು ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಪಾಲಿಸಿ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಇಂಥ ಸಣ್ಣ ಉದ್ದಿಮೆಗಳಿಗೆ ಕೊಡುತ್ತಿರುವ ಪ್ರಮಾಣಿತ ಪಾಲಿಸಿ ಅದು. ಬೆಂಕಿಯ ಜೊತೆ ನೆರೆಯೂ ಅದರಲ್ಲಿ ಸೇರಿದೆ. ಹೊಳೆದಂಡೆಯ ಕಂಪ್ಲಿ ಸೀಮೆಗೆ ಅದು ಬೇಕಾದದ್ದೇ.

ಬಿಲ್ಲಿನಲ್ಲಿ ಪ್ರೀಮಿಯಂ 73,000 ರೂಪಾಯಿ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 13,140, ಒಟ್ಟು 86,140. ಬಿಲ್ಲಿನ ತಾರೀಕು 2024ರ ಜುಲೈ 5. ಚೆಕ್ ಕೊಟ್ಟದ್ದೂ ಅವತ್ತೇ. ಆದರೆ ಪಾಲಿಸಿಯ ಶೆಡ್ಯೂಲ್ ಎಂಬ ಹಾಳೆಯನ್ನು ತೆಗೆದು ನೋಡಿ. ಅವಧಿ ಎಂಬಲ್ಲಿ 2024ರ ಜುಲೈ 10ರ ಶುರುವಿನಿಂದ 2025ರ ಜುಲೈ 9ರ ನಡುರಾತ್ರಿಯವರೆಗೆ ಎಂದಿದೆ. ಹಂಚಿಕೆಗೆ ಬೇಕಾದ ತಾರೀಕು ಇದು. ಬಿಲ್ಲಿನ ತಾರೀಕೂ ಅಲ್ಲ, ಚೆಕ್ಕಿನ ತಾರೀಕೂ ಅಲ್ಲ. ಬಿಲ್ಲನ್ನು ಮಾತ್ರ ಫೈಲಿಗೆ ಹಾಕಿ ಶೆಡ್ಯೂಲನ್ನು ಯಜಮಾನರ ಮನೆಯ ಬೀರುವಿನಲ್ಲಿ ಇಡುವ ರೂಢಿ ನಮ್ಮಲ್ಲಿ ಬಹಳ. ಲೆಕ್ಕ ಬರೆಯುವವರ ಕೈಯಲ್ಲಿ ಶೆಡ್ಯೂಲಿನ ಒಂದು ನಕಲಾದರೂ ಇರಬೇಕು.

ಜುಲೈ 10ರಿಂದ ಮರುವರ್ಷದ ಜುಲೈ 9ರವರೆಗೆ ಎಷ್ಟು ದಿನ? ಮೊದಲ ದಿನವೂ ಸೇರಿ, ಕೊನೆಯ ದಿನವೂ ಸೇರಿ 365. ಕಂಪ್ಯೂಟರಿನ ಹಾಳೆಯಲ್ಲಿ ಒಂದು ತಾರೀಕಿನಿಂದ ಇನ್ನೊಂದು ತಾರೀಕು ಕಳೆದರೆ 364 ಎಂದು ಬರುತ್ತದೆ, ಏಕೆಂದರೆ ಅದು ಎರಡು ತಾರೀಕುಗಳ ನಡುವಿನ ಅಂತರ ಮಾತ್ರ. ಆದ್ದರಿಂದ ಸೂತ್ರ ಬರೆಯುವಾಗ ಕೊನೆಗೆ ಒಂದು ಕೂಡಿಸಬೇಕು. ಶುರುವಿನ ತಾರೀಕು B2ದಲ್ಲಿ, ಮುಗಿಯುವ ತಾರೀಕು C2ದಲ್ಲಿ ಇದ್ದರೆ ಹೀಗೆ:

```
=C2-B2+1
```

73,000ವನ್ನು 365ರಿಂದ ಭಾಗಿಸಿದರೆ ದಿನಕ್ಕೆ 200 ರೂಪಾಯಿ. ಇನ್ನು ಇಡೀ ವರ್ಷ ಈ ಒಂದು ಅಂಕಿ ಸಾಕು.

ಚೆಕ್ ಕೊಟ್ಟ ದಿನ ಪುಸ್ತಕದಲ್ಲಿ ಏನು ಬರೆಯಬೇಕು? ‘ಮುಂಗಡ ವಿಮೆ’ ಎಂದು ಒಂದು ಖಾತೆ ತೆರೆಯಿರಿ. ಅದು ಖರ್ಚಿನ ಗುಂಪಿನಲ್ಲಿ ಇರಬಾರದು, ಚಾಲ್ತಿ ಆಸ್ತಿಯ ಗುಂಪಿನಲ್ಲಿ ಇರಬೇಕು. ಟ್ಯಾಲಿಯಲ್ಲಿ ಬರೆಯುವವರು ಖಾತೆ ತೆರೆಯುವಾಗಲೇ `Current Assets` ಅಡಿಯಲ್ಲಿ ಇಡಬೇಕು. ಜಿಎಸ್‌ಟಿಯ ಮಾತು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ, ಸದ್ಯಕ್ಕೆ ಅದನ್ನು ಜಿಎಸ್‌ಟಿ ಖಾತೆಗೇ ಹಾಕಿದೆವು ಎಂದಿಟ್ಟುಕೊಳ್ಳಿ. ಮುಂಗಡ ವಿಮೆಗೆ 73,000 ಡೆಬಿಟ್, ಜಿಎಸ್‌ಟಿಗೆ 13,140 ಡೆಬಿಟ್, ಬ್ಯಾಂಕಿಗೆ 86,140 ಕ್ರೆಡಿಟ್. ಲಾಭ ನಷ್ಟದ ಖಾತೆಯನ್ನು ಇನ್ನೂ ಮುಟ್ಟಿಯೇ ಇಲ್ಲ.

ಜುಲೈ 31ಕ್ಕೆ ಮೊದಲ ಜರ್ನಲ್. ಜುಲೈ 10ರಿಂದ 31ರವರೆಗೆ 22 ದಿನ, 4,400 ರೂಪಾಯಿ. ವಿಮಾ ಖರ್ಚು ಡೆಬಿಟ್, ಮುಂಗಡ ವಿಮೆ ಕ್ರೆಡಿಟ್. ಟ್ಯಾಲಿಯಲ್ಲಿ `F7` ಒತ್ತಿದರೆ ಜರ್ನಲ್ ವೋಚರ್ ತೆರೆಯುತ್ತದೆ. ಆಗಸ್ಟ್‌ಗೆ 31 ದಿನ, 6,200. ಸೆಪ್ಟೆಂಬರಿಗೆ 6,000. ಫೆಬ್ರವರಿಗೆ 28 ದಿನದ 5,600. ಹೀಗೇ ಬರುತ್ತ ಬರುತ್ತ ಮಾರ್ಚ್ 31ಕ್ಕೆ 265 ದಿನ ಕಳೆದಿರುತ್ತವೆ, 53,000 ರೂಪಾಯಿ ಖರ್ಚಾಗಿ ಇಳಿದಿರುತ್ತದೆ. ಉಳಿದದ್ದು ಏಪ್ರಿಲ್, ಮೇ, ಜೂನ್ ಮತ್ತು ಜುಲೈ ತಿಂಗಳ ಒಂಬತ್ತು ದಿನ, ಒಟ್ಟು 100 ದಿನ. 20,000 ರೂಪಾಯಿ ಅಢಾವೆ ಪತ್ರಿಕೆಯಲ್ಲಿ ಆಸ್ತಿಯ ಕಡೆ ನಿಲ್ಲುತ್ತದೆ.

ವಿಮಾ ಕಂಪನಿಯ ಲೆಕ್ಕದಲ್ಲೂ ಇದೇ ಕೆಲಸ ಎದುರು ದಿಕ್ಕಿನಿಂದ ನಡೆಯುತ್ತದೆ. ನಮ್ಮಿಂದ ಬಂದ ಪೂರ್ತಿ ಪ್ರೀಮಿಯಂ ಅವರಿಗೆ ಆ ವರ್ಷದ ಆದಾಯವಲ್ಲ. ಮಾರ್ಚ್ 31ಕ್ಕೆ ರಕ್ಷಣೆ ಕೊಡಲು ಬಾಕಿ ಇರುವ ದಿನಗಳ ಪ್ರೀಮಿಯಮ್ಮನ್ನು ಅವರು ಇನ್ನೂ ಗಳಿಸದ ಪ್ರೀಮಿಯಂ ಎಂದು ಹೊಣೆಯ ಕಡೆ ತೆಗೆದಿಡಬೇಕು. ನಮ್ಮ ಪುಸ್ತಕದಲ್ಲಿ ಆಸ್ತಿಯಾಗಿ ಕೂತ ನೂರು ದಿನ ಅವರ ಪುಸ್ತಕದಲ್ಲಿ ಹೊಣೆಯಾಗಿ ಕೂತಿರುತ್ತದೆ.

ದಿನದ ಲೆಕ್ಕ ಯಾಕೆ, ಹನ್ನೆರಡರಿಂದ ಭಾಗಿಸಿದರೆ ಸಾಲದೇ ಎಂದು ಕೇಳಬಹುದು. ಭಾಗಿಸಬಹುದು. ತಿಂಗಳಿಗೆ 6,083 ರೂಪಾಯಿ 33 ಪೈಸೆ ಆಗುತ್ತದೆ. ಜುಲೈಯನ್ನು ಇಡೀ ತಿಂಗಳೆಂದು ಹಿಡಿದರೆ ಮಾರ್ಚ್ ಕೊನೆಗೆ ಒಂಬತ್ತು ತಿಂಗಳು, 54,750. ದಿನದ ಲೆಕ್ಕಕ್ಕೂ ಇದಕ್ಕೂ 1,750ರ ವ್ಯತ್ಯಾಸ. ಪಾಲಿಸಿ ತಿಂಗಳ ಒಂದನೇ ತಾರೀಕಿಗೆ ಶುರುವಾದರೆ ಹನ್ನೆರಡರ ಭಾಗವೇ ಸಲೀಸು, ನಾನೂ ಅದನ್ನೇ ಮಾಡುತ್ತೇನೆ. ತಿಂಗಳ ನಡುವೆ ಶುರುವಾದರೆ ದಿನದ ಲೆಕ್ಕವೇ ಮೇಲು. ಕಾರಣ ಆ 1,750 ರೂಪಾಯಿ ಅಲ್ಲ. ಕಾರಣ, ಮುಂದೆ ಹೇಳಲಿರುವ ತಾಳೆ. ದಿನದ ಲೆಕ್ಕದಲ್ಲಿ ಮಾತ್ರ ಅದು ರೂಪಾಯಿಗೆ ರೂಪಾಯಿ ಕೂಡಿಬರುತ್ತದೆ.

ಇನ್ನೊಂದು ವಾದವೂ ಇದೆ. ನಮ್ಮ ಮಿಲ್ಲುಗಳ ದುಡಿಮೆ ಸುಗ್ಗಿಯದು. ಕಾಲುವೆ ನೀರಿನ ಮುಂಗಾರಿ ಭತ್ತ ಬರುವುದು ನವೆಂಬರ್, ಡಿಸೆಂಬರ್‌ನಲ್ಲಿ. ನೀರಿದ್ದ ವರ್ಷ ಬೇಸಿಗೆ ಬೆಳೆ ಏಪ್ರಿಲ್, ಮೇನಲ್ಲಿ. ಜುಲೈ ಆಗಸ್ಟ್‌ನಲ್ಲಿ ಮಿಲ್ಲು ಹೆಚ್ಚುಕಡಿಮೆ ನಿಂತಿರುತ್ತದೆ. ಹಾಗಿದ್ದ ಮೇಲೆ ವಿಮೆಯನ್ನು ಅರೆದ ಕ್ವಿಂಟಲ್‌ಗಳ ಮೇಲೆ ಹಂಚೋಣ, ಸುಗ್ಗಿಯ ತಿಂಗಳು ಹೆಚ್ಚು ಹೊರಲಿ ಎನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ವಿಮೆ ತೀರುವುದು ಅರೆದಷ್ಟಲ್ಲ, ದಿನ ಕಳೆದಷ್ಟು. ಮಿಲ್ಲು ನಿಂತ ಆಗಸ್ಟ್‌ನಲ್ಲೂ ಕಟ್ಟಡ, ಮೋಟಾರು, ಪಾಲಿಶರ್ ಎಲ್ಲ ರಕ್ಷಣೆಯಲ್ಲೇ ಇರುತ್ತವೆ. ವೈರು ಸುಟ್ಟು ಬೆಂಕಿ ಹತ್ತುವುದಕ್ಕೆ ಸುಗ್ಗಿ ಬರಬೇಕಿಲ್ಲ. ಹೊಳೆ ಏರುವುದಂತೂ ಮಳೆಗಾಲದಲ್ಲೇ.

ಪೂರ್ತಿ ಮೊತ್ತವನ್ನು ಜುಲೈಗೇ ಬರೆದರೆ ಏನಾಗುತ್ತದೆ ಎಂಬುದೂ ಇದರಿಂದ ಗೊತ್ತಾಗುತ್ತದೆ. ಮೊದಲೇ ಅರೆತ ಕಡಿಮೆಯಿರುವ ತಿಂಗಳು, ಅದರ ಮೇಲೆ 73,000. ಜುಲೈ ಪಾತಾಳಕ್ಕೆ ಹೋದಂತೆ ಕಾಣುತ್ತದೆ. ಡಿಸೆಂಬರ್‌ಗೆ ವಿಮೆಯ ಭಾರವೇ ಇಲ್ಲದೆ ಲಾಭ ಉಬ್ಬಿರುತ್ತದೆ. ಆ ಉಬ್ಬಿದ ಲಾಭ ನೋಡಿ ಕ್ವಿಂಟಲ್‌ಗೆ ಇಷ್ಟಕ್ಕೆ ಅರೆದುಕೊಟ್ಟರೂ ಗಿಟ್ಟುತ್ತದೆ ಎಂದು ದರ ಒಪ್ಪಿಕೊಂಡವರಿದ್ದಾರೆ.

ಈಗ 2024ರ ಆಗಸ್ಟ್ 10ಕ್ಕೆ ಬನ್ನಿ. ಆ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ನೀರು ಹೊರಬಿಟ್ಟ ದಿನಗಳು, ಹೊಳೆಯ ಕೆಳಗಿನ ಊರುಗಳ ಆತಂಕ ಈ ಭಾಗದವರಿಗೆ ನಾನು ನೆನಪು ಮಾಡಿಕೊಡಬೇಕಿಲ್ಲ. ನಮ್ಮ ಊಹೆಯ ಮಿಲ್ಲಿನ ಅಣ್ಣತಮ್ಮಂದಿರು ಅದನ್ನು ನೋಡಿ, ವಿಮೆಯ ಮೊತ್ತ ಸಾಲದು ಎಂದು ಸೆಪ್ಟೆಂಬರ್ 1ರಿಂದ ಹೆಚ್ಚಿಸಿಕೊಂಡರು ಎನ್ನಿ. ಕಂಪನಿ ಅದಕ್ಕೊಂದು ಎಂಡಾರ್ಸ್‌ಮೆಂಟ್ ಪತ್ರ ಕೊಟ್ಟು 15,600 ರೂಪಾಯಿ ಹೆಚ್ಚುವರಿ ಪ್ರೀಮಿಯಂ ಕಟ್ಟಿಸಿಕೊಂಡಿತು.

ಇಲ್ಲೇ ಅನೇಕರು ಎಡವುತ್ತಾರೆ. 15,600ನ್ನು ಹನ್ನೆರಡರಿಂದ ಭಾಗಿಸಿ ಹೊಸದಾಗಿ ಹನ್ನೆರಡು ತಿಂಗಳು ಎಳೆಯುತ್ತಾರೆ. ಆದರೆ ಈ ಹೆಚ್ಚುವರಿ ರಕ್ಷಣೆ ಮುಗಿಯುವುದು ಮೂಲ ಪಾಲಿಸಿ ಮುಗಿಯುವ ದಿನವೇ, ಅಂದರೆ 2025ರ ಜುಲೈ 9ಕ್ಕೆ. ಸೆಪ್ಟೆಂಬರ್ 1ರಿಂದ ಅಲ್ಲಿಗೆ 312 ದಿನ. ದಿನಕ್ಕೆ 50 ರೂಪಾಯಿ. ಸೆಪ್ಟೆಂಬರ್‌ನಿಂದ ಮಿಲ್ಲಿನ ವಿಮೆ ದಿನಕ್ಕೆ 200 ಅಲ್ಲ, 250. ಮಾರ್ಚ್ 31ಕ್ಕೆ ಉಳಿದ ನೂರು ದಿನಕ್ಕೆ ಮುಂಗಡ 20,000 ಅಲ್ಲ, 25,000.

ನಾನು ಹೇಳಿದ ತಾಳೆ ಇದು. ಯಾವ ತಿಂಗಳ ಕೊನೆಯಲ್ಲಾದರೂ ಪಾಲಿಸಿ ಮುಗಿಯಲು ಎಷ್ಟು ದಿನ ಬಾಕಿ ಎಂದು ಎಣಿಸಿ, ದಿನದ ದರದಿಂದ ಗುಣಿಸಿ. ಬಂದ ಮೊತ್ತ ಮುಂಗಡ ವಿಮೆ ಖಾತೆಯ ಬಾಕಿಗೆ ಸಮವಾಗಿರಬೇಕು. ಡಿಸೆಂಬರ್ 31ಕ್ಕೆ ನೋಡೋಣ. 175 ದಿನ ಕಳೆದಿವೆ, 190 ದಿನ ಉಳಿದಿವೆ. 190ನ್ನು 250ರಿಂದ ಗುಣಿಸಿದರೆ 47,500. ಖಾತೆಯಲ್ಲೂ ಅಷ್ಟೇ ಇದ್ದರೆ ಅಲ್ಲಿಯವರೆಗೆ ಎಲ್ಲ ಸರಿ. ಇಲ್ಲದಿದ್ದರೆ ವ್ಯತ್ಯಾಸದ ಅಂಕಿಯೇ ತಪ್ಪು ಎಲ್ಲಿದೆ ಎಂದು ಹೇಳುತ್ತದೆ. 250 ಹೆಚ್ಚುಕಡಿಮೆ ಇದ್ದರೆ ಎಲ್ಲೋ ಒಂದು ದಿನ ತಪ್ಪಿ ಎಣಿಸಿದ್ದೀರಿ. 7,750 ಹೆಚ್ಚಿದ್ದರೆ ಡಿಸೆಂಬರ್ ತಿಂಗಳ ಜರ್ನಲ್ ಬರೆದೇ ಇಲ್ಲ, ಏಕೆಂದರೆ 31 ದಿನಕ್ಕೆ ಅಷ್ಟಾಗುತ್ತದೆ. 9,500 ಕಡಿಮೆಯಿದ್ದರೆ ಎಂಡಾರ್ಸ್‌ಮೆಂಟಿನ ರೊಕ್ಕವನ್ನು ಯಾರೋ ಕೊಟ್ಟ ದಿನವೇ ಖರ್ಚಿಗೆ ಹಾಕಿದ್ದಾರೆ, 190 ದಿನಕ್ಕೆ 50ರಂತೆ ಅಷ್ಟಾಗುತ್ತದೆ. ತಿಂಗಳಿಗೊಮ್ಮೆ ಐದು ನಿಮಿಷದ ಕೆಲಸ. ಮಾರ್ಚ್‌ನಲ್ಲಿ ಹುಡುಕುತ್ತ ಕೂರುವುದು ತಪ್ಪುತ್ತದೆ.

ಮಿಲ್ಲಿನ ಪಾಲಿಸಿ, ಲಾರಿಯ ಪಾಲಿಸಿ, ಹಮಾಲರ ಅಪಘಾತದ ಪಾಲಿಸಿ ಎಲ್ಲವನ್ನೂ ಒಂದೇ ಮುಂಗಡ ಖಾತೆಗೆ ಸುರಿದರೆ ಈ ತಾಳೆ ನೋಡಲಾಗದು. ಖಾತೆ ಒಂದೇ ಇರಲಿ, ಅಡ್ಡಿಯಿಲ್ಲ. ಜೊತೆಗೊಂದು ಪಟ್ಟಿ ಇರಲಿ. ಒಂದೊಂದು ಪಾಲಿಸಿಗೆ ಒಂದೊಂದು ಸಾಲು: ನಂಬರು, ಶುರುವಿನ ತಾರೀಕು, ಮುಗಿಯುವ ತಾರೀಕು, ಪ್ರೀಮಿಯಂ, ದಿನದ ದರ, ಉಳಿದ ದಿನ, ಉಳಿದ ಮೊತ್ತ. ಸಾಲುಗಳ ಕೊನೆಯ ಮೊತ್ತಗಳನ್ನು ಕೂಡಿದರೆ ಖಾತೆಯ ಬಾಕಿ ಬರಬೇಕು.

ಇನ್ನು ಜಿಎಸ್‌ಟಿ. ಅದನ್ನು ಹಂಚಬೇಕೋ ಬೇಡವೋ ಎಂಬುದು ಮಿಲ್ಲು ಅಕ್ಕಿಯನ್ನು ಯಾವ ಚೀಲದಲ್ಲಿ ಮಾರುತ್ತದೆ ಎಂಬುದರ ಮೇಲೆ ನಿಂತಿದೆ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. 2022ರ ಜುಲೈ 18ರಿಂದ ಲೇಬಲ್ ಹಚ್ಚಿ ಪ್ಯಾಕ್ ಮಾಡಿದ 25 ಕಿಲೋವರೆಗಿನ ಅಕ್ಕಿ ಚೀಲಕ್ಕೆ ಶೇಕಡಾ 5 ಜಿಎಸ್‌ಟಿ ಇದೆ, ಅದಕ್ಕಿಂತ ದೊಡ್ಡ ಚೀಲಕ್ಕಿಲ್ಲ. ಪೇಟೆಯಲ್ಲಿ 26 ಕಿಲೋ ಚೀಲಗಳು ಕಾಣಿಸಿಕೊಂಡದ್ದು ಈ ಕಾರಣಕ್ಕೇ. ನಮ್ಮ ಮಿಲ್ಲು 25 ಕಿಲೋ ಚೀಲ ಮಾರಿ ತೆರಿಗೆ ಕಟ್ಟುತ್ತಿದ್ದರೆ, ವಿಮೆಯ ಮೇಲೆ ಕೊಟ್ಟ 13,140ನ್ನು ಆ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಆಗ ಅದು ಖರ್ಚೇ ಅಲ್ಲ, ಆದ್ದರಿಂದ ಹಂಚುವ ಪ್ರಶ್ನೆಯೂ ಇಲ್ಲ. ಬಿಲ್ಲು ಪೋರ್ಟಲ್‌ನಲ್ಲಿ ಕಾಣಿಸಿಕೊಂಡ ತಿಂಗಳೇ ಪೂರ್ತಿ ಮೊತ್ತ ತೆಗೆದುಕೊಳ್ಳಬಹುದು. ವಿಮೆ ಹನ್ನೆರಡು ತಿಂಗಳದ್ದು ಎಂದು ಜಿಎಸ್‌ಟಿಯನ್ನೂ ತಿಂಗಳಿಗಿಷ್ಟು ಎಂದು ಮುರಿದುಕೊಳ್ಳುತ್ತ ಕೂರಬೇಕಿಲ್ಲ.

ಅದೇ ಮಿಲ್ಲು ಬರೀ 26 ಕಿಲೋ ಚೀಲ ಮಾರುತ್ತಿದ್ದರೆ ಮಾರಾಟಕ್ಕೆ ತೆರಿಗೆಯಿಲ್ಲ, ಹಾಗಾಗಿ ಮುರಿದುಕೊಳ್ಳುವ ಹಕ್ಕೂ ಇಲ್ಲ. 13,140 ವಿಮೆಯ ಬೆಲೆಯೊಳಗೇ ಸೇರುತ್ತದೆ. ಆಗ ಹಂಚಬೇಕಾದದ್ದು 86,140, ದಿನಕ್ಕೆ 236 ರೂಪಾಯಿ. ಎರಡೂ ಬಗೆಯ ಚೀಲ ಮಾರುವ ಮಿಲ್ಲು ಮಾರಾಟದ ಪ್ರಮಾಣದಂತೆ ಜಿಎಸ್‌ಟಿಯನ್ನು ಎರಡು ಪಾಲು ಮಾಡಿ, ಹಕ್ಕಿಲ್ಲದ ಪಾಲನ್ನು ಮಾತ್ರ ಪ್ರೀಮಿಯಂ ಜೊತೆ ಸೇರಿಸಿ ಹಂಚಬೇಕು.

ಬ್ಯಾಂಕಿನಿಂದ ಸಾಲ ಪಡೆದ ಮಿಲ್ಲುಗಳಲ್ಲಿ ಇನ್ನೊಂದು ತೊಡಕಿದೆ. ಭತ್ತದ ದಾಸ್ತಾನನ್ನು ಅಡವಿಟ್ಟುಕೊಂಡ ಬ್ಯಾಂಕು, ವಿಮೆ ತಪ್ಪಬಾರದೆಂದು ತಾನೇ ಪ್ರೀಮಿಯಂ ಕಟ್ಟಿ ಕ್ಯಾಶ್ ಕ್ರೆಡಿಟ್ ಖಾತೆಗೆ ಡೆಬಿಟ್ ಹಾಕುವುದುಂಟು. ಮಿಲ್ಲಿಗೆ ಚೆಕ್ಕೂ ಗೊತ್ತಿಲ್ಲ, ಬಿಲ್ಲೂ ಬಂದಿಲ್ಲ. ತಿಂಗಳ ಸ್ಟೇಟ್‌ಮೆಂಟಿನಲ್ಲಿ ಬಡ್ಡಿ, ಶುಲ್ಕಗಳ ನಡುವೆ ಒಂದು ಸಾಲು ಇರುತ್ತದೆ. ಗುಮಾಸ್ತರು ಅದನ್ನು ಬ್ಯಾಂಕ್ ಶುಲ್ಕ ಎಂದು ಬರೆದುಬಿಡುತ್ತಾರೆ. ಹೀಗಾದರೆ ಎರಡು ನಷ್ಟ. ಒಂದು, ಮುಂಗಡವಾಗಿ ನಿಲ್ಲಬೇಕಾದ್ದು ಖರ್ಚಾಗಿ ಕರಗಿಹೋಗುತ್ತದೆ. ಎರಡು, ಬಿಲ್ಲಿನಲ್ಲಿ ಮಿಲ್ಲಿನ ಜಿಎಸ್‌ಟಿ ನಂಬರು ಇಲ್ಲದೆ ಹೋದರೆ ಆ 13,140ಕ್ಕೂ ಕುತ್ತು. ಕಳೆದ ವರ್ಷ ಯಾವ ತಿಂಗಳಲ್ಲಿ ಪ್ರೀಮಿಯಂ ಹೋಗಿತ್ತೋ ಈ ವರ್ಷವೂ ಆ ತಿಂಗಳ ಸ್ಟೇಟ್‌ಮೆಂಟನ್ನು ಸಾಲುಸಾಲಾಗಿ ನೋಡಿ, ಬಿಲ್ಲು ಮತ್ತು ಶೆಡ್ಯೂಲ್ ಎರಡನ್ನೂ ಬ್ಯಾಂಕಿನಿಂದ ಕೇಳಿ ಪಡೆಯಿರಿ.

ಈಗ ಅಣ್ಣತಮ್ಮಂದಿರ ಮಾತು. ಇದನ್ನೇ ಹೇಳಬೇಕೆಂದು ನಾನು ಇಷ್ಟೆಲ್ಲ ಲೆಕ್ಕ ಬಿಚ್ಚಿದೆ.

ಹಂಚುವ ಗೋಜೇ ಬೇಡ ಎನ್ನುವವರ ಕೈಯಲ್ಲಿ ಒಂದು ಗಟ್ಟಿ ವಾದವಿದೆ. ಪ್ರತಿ ವರ್ಷ ಜುಲೈನಲ್ಲಿ ಒಂದು ಪ್ರೀಮಿಯಂ ಕಟ್ಟುತ್ತೇವೆ, ಪ್ರತಿ ವರ್ಷದ ಲೆಕ್ಕಕ್ಕೂ ಒಂದೊಂದು ಪ್ರೀಮಿಯಂ ಬೀಳುತ್ತದೆ, ಮತ್ತೆ ಹಂಚಿದರೆಷ್ಟು ಬಿಟ್ಟರೆಷ್ಟು ಎನ್ನುತ್ತಾರೆ. ವರ್ಷದ ಮೊತ್ತದ ಮಟ್ಟಿಗೆ ಅವರ ಮಾತು ಬಹುಮಟ್ಟಿಗೆ ನಿಜ. ನಮ್ಮ ಮಿಲ್ಲಿನಲ್ಲೇ ನೋಡಿ. ಹಿಂದಿನ ಪಾಲಿಸಿಯ ದರ ದಿನಕ್ಕೆ 180 ರೂಪಾಯಿ ಇತ್ತು ಎನ್ನಿ. ಅದು 2024ರ ಫೆಬ್ರವರಿ 29ನ್ನು ದಾಟಿದ ಪಾಲಿಸಿಯಾದ್ದರಿಂದ 366 ದಿನದ್ದು, ಪ್ರೀಮಿಯಂ 65,880. ಅದರ ಕೊನೆಯ ನೂರು ದಿನ, ಅಂದರೆ 18,000 ರೂಪಾಯಿ, 2024ರ ಏಪ್ರಿಲ್‌ನಿಂದ ಜುಲೈ 9ರವರೆಗಿನ ಖರ್ಚು. ಸರಿಯಾಗಿ ಹಂಚಿದರೆ 2024–25ರ ವಿಮಾ ಖರ್ಚು ಈ 18,000, ಹೊಸ ಪಾಲಿಸಿಯ 53,000, ಎಂಡಾರ್ಸ್‌ಮೆಂಟಿನ 10,600, ಒಟ್ಟು 81,600. ಹಂಚದೆ ಬರೆದಿದ್ದರೆ 73,000ಕ್ಕೆ 15,600 ಸೇರಿ 88,600. ವ್ಯತ್ಯಾಸ 7,000. ಮಿಲ್ಲು ದೊಡ್ಡದು, 7,000ಕ್ಕೆ ಯಾರು ಜಗಳ ಮಾಡುತ್ತಾರೆ?

ಆದರೆ 2025ರ ಮಾರ್ಚ್ 31ಕ್ಕೆ ಅಣ್ಣ ಪಾಲುದಾರಿಕೆಯಿಂದ ಹೊರಬೀಳುತ್ತಾನೆ ಎಂದಿಟ್ಟುಕೊಳ್ಳಿ. ಅವತ್ತಿನ ಅಢಾವೆ ಪತ್ರಿಕೆ ಹಿಡಿದು ಅವನ ಪಾಲು ಲೆಕ್ಕ ಹಾಕುತ್ತಾರೆ. ಭತ್ತದ ಚೀಲ ಎಣಿಸುತ್ತಾರೆ, ಬರಬೇಕಾದ ಬಾಕಿ ಬರೆಯುತ್ತಾರೆ, ಮೋಟಾರಿನ ಬೆಲೆ ಕಟ್ಟುತ್ತಾರೆ. ಮುಂಗಡ ವಿಮೆ ಎಂಬ ಸಾಲೇ ಪುಸ್ತಕದಲ್ಲಿ ಇಲ್ಲದಿದ್ದರೆ ಅದನ್ನು ಯಾರೂ ನೆನೆಯುವುದಿಲ್ಲ. ಏಪ್ರಿಲ್ 1ರಿಂದ ಜುಲೈ 9ರವರೆಗೆ ಮಿಲ್ಲು ತಮ್ಮನದು, ರಕ್ಷಣೆ ಸಿಗುವುದು ತಮ್ಮನಿಗೆ, ಅದಕ್ಕೆ ಕೊಟ್ಟ 25,000ದಲ್ಲಿ ಅರ್ಧ ಅಣ್ಣನ ರೊಕ್ಕ. ಅಣ್ಣನ ಕೈತಪ್ಪುವುದು 7,000ದ ಅರ್ಧವಲ್ಲ, 25,000ದ ಅರ್ಧ, 12,500 ರೂಪಾಯಿ. ಹಂಚದೆ ಬರೆಯುತ್ತ ಬಂದ ಪುಸ್ತಕದಲ್ಲಿ ಮೊದಲ ವರ್ಷ ನುಂಗಿದ ಮುಂಗಡ ವರ್ಷದಿಂದ ವರ್ಷಕ್ಕೆ ಹಾಗೇ ಅಡಗಿ ಬಂದಿರುತ್ತದೆ. ಅದು ಹೊರಗೆ ಬೀಳುವುದು ಯಾರಾದರೂ ಪಾಲು ಕೇಳಿದ ದಿನ.

ಇದರಲ್ಲಿ ಯಾರೂ ಮೋಸ ಮಾಡಿಲ್ಲ. ತಮ್ಮನಿಗೂ ಗೊತ್ತಿರುವುದಿಲ್ಲ. ಅದಕ್ಕೇ ಇದು ನನಗೆ ಹೆಚ್ಚು ನೋವಿನ ಸಂಗತಿ ಎನಿಸುತ್ತದೆ. ಹೊಲ, ಮನೆ, ಮಿಲ್ಲು ಭಾಗವಾಗುವಾಗ ಮನಸ್ಸುಗಳು ಮೊದಲೇ ಒರಟಾಗಿರುತ್ತವೆ. ಆಮೇಲೆ ಯಾರೋ ಲೆಕ್ಕ ಬಲ್ಲವರು “ನಿಂದು ಹನ್ನೆರಡೂವರೆ ಸಾವಿರ ಬಿಟ್ಟಾರಲ್ಲೋ” ಎಂದರೆ ಗೊತ್ತಿಲ್ಲದೆ ಆದದ್ದು ಎಂದು ನಂಬಿಸುವುದು ಕಷ್ಟ. ಹೊಸ ಪಾಲುದಾರ ಒಳಗೆ ಬರುವಾಗಲೂ ಇದೇ ಲೆಕ್ಕ ತಿರುಗಿ ನಿಲ್ಲುತ್ತದೆ. ಅವನಿಗೆ ನೂರು ದಿನದ ವಿಮೆ ಪುಕ್ಕಟೆ ಸಿಗುತ್ತದೆ.

ಎಲ್ಲ ಪ್ರೀಮಿಯಮ್ಮನ್ನೂ ಹಂಚಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಗುಮಾಸ್ತರ ಬೈಕಿನ ಒಂದೆರಡು ಸಾವಿರದ ವಿಮೆಯನ್ನು ಕಟ್ಟಿದ ದಿನವೇ ಖರ್ಚಿಗೆ ಹಾಕಿದರೆ ಯಾರ ಪಾಲೂ ಕೆಡುವುದಿಲ್ಲ. ಇಂತಿಷ್ಟು ರೂಪಾಯಿಗಿಂತ ಕೆಳಗಿದ್ದರೆ ಹಂಚುವುದಿಲ್ಲ ಎಂದು ಒಂದು ಗೆರೆ ಎಳೆದು ಬರೆದಿಡಿ, ಪ್ರತಿ ವರ್ಷ ಅದೇ ಗೆರೆಗೆ ನಿಲ್ಲಿ. ಲಾಭ ಹೆಚ್ಚಾದ ವರ್ಷ ಗೆರೆ ಮೇಲೇರುವುದು, ಕಡಿಮೆಯಾದ ವರ್ಷ ಕೆಳಗಿಳಿಯುವುದು ಆಗಬಾರದು. ಇದಕ್ಕೆ ತದ್ವಿರುದ್ಧ ಮಿಲ್ಲಿನ ಹೆಸರಿನಲ್ಲಿ ಕೊಂಡ ಹೊಸ ಕಾರು. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕೊಳ್ಳಬೇಕು. ಅದೇ ಬಿಲ್ಲಿನಲ್ಲಿ ಕಾರಿನ ಸ್ವಂತ ಹಾನಿಯ ವಿಮೆ ಒಂದೇ ವರ್ಷದ್ದಿರಬಹುದು. ಬಿಲ್ಲು ಒಂದಾದರೂ ಎರಡು ಸಾಲಾಗಿ ಒಡೆದು, ಒಂದನ್ನು ಒಂದು ವರ್ಷಕ್ಕೆ, ಇನ್ನೊಂದನ್ನು ಮೂರು ವರ್ಷಕ್ಕೆ ಹಂಚಬೇಕು.

ದೇವರ ದಯೆಯಿಂದ ಆಗದಿರಲಿ, ಪಾಲಿಸಿಯ ನಡುವೆಯೇ ಮಿಲ್ಲು ಪೂರ್ತಿ ಹಾಳಾಗಿ ಕಂಪನಿ ವಿಮೆಯ ಮೊತ್ತವನ್ನೆಲ್ಲ ಕೊಟ್ಟು ಪಾಲಿಸಿ ಮುಗಿಸಿದರೆ, ಮುಂಗಡ ಖಾತೆಯಲ್ಲಿ ಉಳಿದದ್ದನ್ನು ಅವತ್ತೇ ಖರ್ಚಿಗೆ ಹಾಕಬೇಕು. ಕಾಯಲು ಇನ್ನು ಏನೂ ಇಲ್ಲದ ಮೇಲೆ ಆ ದಿನಗಳಿಗೆ ಬೆಲೆಯಿಲ್ಲ. ಲಾರಿ ಮಾರಿ ಪಾಲಿಸಿ ರದ್ದು ಮಾಡಿಸಿದಾಗ ಕಂಪನಿ ಎಷ್ಟು ವಾಪಸ್ ಕೊಡುತ್ತದೋ ಅಷ್ಟನ್ನು ಮುಂಗಡ ಖಾತೆಗೆ ಜಮಾ ಮಾಡಿ, ಉಳಿದದ್ದನ್ನು ಖರ್ಚಿಗೆ ಹಾಕಿ ಆ ಸಾಲನ್ನು ಮುಚ್ಚಿಬಿಡಬೇಕು.

ಕೊನೆಗೆ ನವೀಕರಣ. 2025ರ ಜುಲೈ 9ರ ರಾತ್ರಿಗೆ ನಮ್ಮ ಮಿಲ್ಲಿನ ಹಳೆ ಪಾಲಿಸಿಯ ಸಾಲಿನಲ್ಲಿ ಸೊನ್ನೆ ಉಳಿಯಬೇಕು. ಅಲ್ಲಿ ಕ್ರೆಡಿಟ್ ಬಾಕಿ ಕಂಡರೆ ಗುಮಾಸ್ತರು ಹಳೆ ಜರ್ನಲನ್ನೇ ಪ್ರತಿ ತಿಂಗಳು ನಕಲು ಮಾಡುತ್ತ ಹೋಗಿದ್ದಾರೆ, ಪಾಲಿಸಿ ಮುಗಿದದ್ದನ್ನು ನೋಡಿಲ್ಲ. ಹೊಸ ಪಾಲಿಸಿ ಜುಲೈ 10ಕ್ಕೇ ಶುರುವಾದರೆ ತೊಂದರೆಯಿಲ್ಲ. ಚೆಕ್ ತಡವಾಗಿ ಜುಲೈ 14ಕ್ಕೆ ಶುರುವಾಯಿತು ಎನ್ನಿ. ಆಗ 10, 11, 12, 13ನೇ ತಾರೀಕುಗಳಿಗೆ ವಿಮಾ ಖರ್ಚು ಬರೆಯಬಾರದು. ತಿಂಗಳು ತುಂಬಿದಂತೆ ಕಾಣಲಿ ಎಂದು ಹೊಸ ಪ್ರೀಮಿಯಮ್ಮನ್ನು ಹಿಂದಕ್ಕೆ ಎಳೆದು ಆ ನಾಲ್ಕು ದಿನಕ್ಕೆ ಹಂಚಿದರೆ, ರಕ್ಷಣೆ ಇಲ್ಲದಿದ್ದ ದಿನಗಳನ್ನು ಪುಸ್ತಕ ಮುಚ್ಚಿಹಾಕುತ್ತದೆ. ಜುಲೈ ತಿಂಗಳ ಖರ್ಚು ನಾಲ್ಕು ದಿನದಷ್ಟು ಕಡಿಮೆ ಇರಲಿ. ಯಜಮಾನರು ಯಾಕೆ ಕಡಿಮೆ ಎಂದು ಕೇಳಿದಾಗ, ಆ ನಾಲ್ಕು ದಿನ ಮಿಲ್ಲಿಗೆ ವಿಮೆ ಇರಲಿಲ್ಲ ಎಂದು ಪಟ್ಟಿಯಲ್ಲಿ ಹಳೆ ಪಾಲಿಸಿ ಮುಗಿದ ತಾರೀಕನ್ನೂ ಹೊಸದು ಶುರುವಾದ ತಾರೀಕನ್ನೂ ತೋರಿಸಿ.